25 ಸೆಕೆಂಡಿನ ಮಾದರಿ, ಮೊದಲ ಗಿರಾಕಿ

ಕೇಳುಗರಿಗೆ ನಮಸ್ಕಾರ.

ಫೋನಿನಲ್ಲೇ ವಿಡಿಯೊ ಎಡಿಟಿಂಗ್ ಕಲಿತವರು ಸಾಮಾನ್ಯವಾಗಿ ಕೇಳುವುದು ಒಂದೇ: ಮೊದಲ ಕೆಲಸ ಯಾರು ಕೊಡ್ತಾರೆ? ಈಗಾಗಲೇ ತಾವೇ ವಿಡಿಯೊ ಮಾಡಿ ಹಾಕುತ್ತಿರುವ ಅಂಗಡಿಯವರ ಹತ್ತಿರ ಹೋಗಿ ಅಂತ ನಾನು ಹೇಳುತ್ತೇನೆ. ವಿಡಿಯೊ ಬೇಕು ಅನ್ನೋದು ಅವರಿಗೆ ಗೊತ್ತು. ಇಲ್ಲದ್ದು ಪುರುಸೊತ್ತು.

ಹೋದ ಕೂಡಲೇ ಕೆಲಸ ಕೇಳಬೇಡಿ. ಬಿಟ್ಟಿಯಾಗಿ ಎಡಿಟ್ ಮಾಡಿ ಮಾದರಿ ತೋರಿಸ್ತೀನಿ ಅಂತ ಹೇಳಿ, ಅವರದೇ ಹಳೆಯ ವಿಡಿಯೊ ಒಂದನ್ನು ಕೇಳಿ. ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಬಂದರೆ ಅದು ಕುಗ್ಗಿ, ಮಸುಕಾಗಿ ಬರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನಿ.

ಸೈಕಲ್ ರಿಪೇರಿ ಅಂಗಡಿಯೊಂದರಿಂದ ಎರಡು ನಿಮಿಷದ ವಿಡಿಯೊ ಬಂತು ಅಂದುಕೊಳ್ಳಿ. ಮೊದಲು ಬೋರ್ಡು, ಆಮೇಲೆ ನಮಸ್ಕಾರ, ಆಮೇಲೆ ಅಂಗಡಿಯ ಪರಿಚಯ. ತುಕ್ಕು ಹಿಡಿದ ಚೈನು ಕಾಣುವ ಹೊತ್ತಿಗೆ ನೋಡುವವರು ಮುಂದಿನ ವಿಡಿಯೊಗೆ ಹೋಗಿಯಾಗಿರುತ್ತದೆ. ಹಾಗಾಗಿ ಆ ಚೈನನ್ನೇ ಮೊದಲಿಗೆ ತನ್ನಿ, ಅದರ ಕರಕರ ಸದ್ದಿನ ಸಮೇತ. ಹಿಂದೆಯೇ ಎಣ್ಣೆ ಬಿಡುವ ಕೈ, ಕೊನೆಗೆ ಸದ್ದಿಲ್ಲದೆ ತಿರುಗುವ ಚಕ್ರ. ಅಂಗಡಿ ಹೆಸರು, ಫೋನ್ ನಂಬರು ಕೊನೆಯ ಮೂರು ಸೆಕೆಂಡಿಗೆ ಸಾಕು. ಒಟ್ಟು 25 ಸೆಕೆಂಡು.

ಜಾಸ್ತಿ ಹೊತ್ತು ಕೊಡಬೇಕಾದದ್ದು ಸದ್ದಿಗೆ. ಮಾಲೀಕರ ಮಾತಿದ್ದರೆ ಅದರಡಿಯ ಸಂಗೀತವನ್ನು ಚೆನ್ನಾಗಿ ತಗ್ಗಿಸಿ. ಇಯರ್‌ಫೋನ್‌ನಲ್ಲಿ ಸರಿಯಾಗಿ ಕೇಳಿದ್ದು ಫೋನಿನ ಸ್ಪೀಕರಿನಲ್ಲಿ ಮುಚ್ಚಿಹೋಗಬಹುದು, ಎರಡರಲ್ಲೂ ಕೇಳಿ ನೋಡಿ. ಸದ್ದು ಆಫ್ ಮಾಡಿ ನೋಡುವವರಿಗಾಗಿ ಮಾತನ್ನು ಅಕ್ಷರದಲ್ಲೂ ಹಾಕಿ, ಆದರೆ ತೀರಾ ಕೆಳಗೆ ಬೇಡ. ಅಲ್ಲಿ ಆ್ಯಪಿನ ಬಟನ್‌ಗಳು ಬಂದು ಕೂರುತ್ತವೆ. ಸಿನಿಮಾ ಹಾಡಂತೂ ಬೇಡವೇ ಬೇಡ. ವ್ಯಾಪಾರದ ವಿಡಿಯೊಗೆ ಅನುಮತಿ ಬೇಕು, ಇಲ್ಲದಿದ್ದರೆ ಸದ್ದೇ ಕಟ್ ಆಗಬಹುದು.

ಲ್ಯಾಪ್‌ಟಾಪಿನಲ್ಲಿ ಮಾಡುವವರಿಗೆ ಒಂದು ಮಾತು. ಉದ್ದದ ವಿಡಿಯೊದಲ್ಲಿ ಮೊದಲು ಸರಿಯಿದ್ದ ತುಟಿ ಮತ್ತು ಮಾತು ಬರಬರುತ್ತಾ ತಪ್ಪಿಹೋದರೆ, ಫೋನು ಫ್ರೇಮುಗಳನ್ನು ಒಂದೇ ವೇಗದಲ್ಲಿ ರೆಕಾರ್ಡ್ ಮಾಡಿಲ್ಲ ಅಂತ ಅನುಮಾನಿಸಿ. ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರಿನಲ್ಲಿ ಫ್ರೇಮ್ ರೇಟ್ ಸ್ಥಿರವಾಗಿರುವಂತೆ ಬದಲಿಸಿಕೊಂಡು, ಆಮೇಲೆ ಎಡಿಟ್‌ಗೆ ಕೂತುಕೊಳ್ಳಿ.

ಮಾದರಿ ಸಿದ್ಧವಾದ ಮೇಲೆ ಸುಮ್ನೆ ಕಳಿಸಿಬಿಡಬೇಡಿ. ಅಂಗಡಿಗೇ ಹೋಗಿ, ಮಾಲೀಕರ ಫೋನಿನಲ್ಲೇ ಹಳೆಯದನ್ನೂ ಹೊಸದನ್ನೂ ಒಂದರ ಹಿಂದೆ ಒಂದು ತೋರಿಸಿ. ಇಷ್ಟವಾದರೆ ಮುಂದಿನದು ಹೇಗೆ ಅಂತ ಅವರೇ ಕೇಳುತ್ತಾರೆ. ಬಿಟ್ಟಿ ಕೆಲಸ ಈ ಒಂದಕ್ಕೇ ಮುಗಿಯಲಿ. ತಿಂಗಳಿಗೆ ನಾಲ್ಕು ವಿಡಿಯೊ ಅಂತ ಮಾತಾಡಿಕೊಳ್ಳಿ, ಒಂದೊಂದಕ್ಕೆ ಎರಡು ಸಲ ತಿದ್ದುಪಡಿ, ಅರ್ಧ ಹಣ ಮುಂಗಡ. ಇದನ್ನೆಲ್ಲ ಮೆಸೇಜಿನಲ್ಲಿ ಬರೆದು ಕಳಿಸಿ, ಅವರು ಒಪ್ಪಿಗೆ ಅಂತ ಉತ್ತರ ಕೊಟ್ಟ ಮೇಲೆ ಕೆಲಸ ಶುರು ಮಾಡಿ.