‘24 ಗಂಟೆ ಮುಂಚೆ ಹೇಳಿ’ ಅಂದ್ರೆ ಯಾವಾಗ?

ನಮಸ್ಕಾರ. ಮನೆಯಲ್ಲೇ ಎಗ್‌ಲೆಸ್ ಕೇಕ್ ಮಾಡಿ ಕೊಡುವವರ ಆರ್ಡರ್ ಲಿಸ್ಟ್ ನೀವು ನೋಡೇ ಇರುತ್ತೀರಿ. ಮೇಲೆ ಒಂದು ಚೆಂದದ ಫೋಟೋ. ಕೆಳಗೆ ಅರ್ಧ ಕೆ.ಜಿ., ಒಂದು ಕೆ.ಜಿ. ಆಮೇಲೆ ಹದಿನೈದು ಫ್ಲೇವರ್. ಕೊನೆಗೆ ಒಂದು ಸಾಲು: ‘24 ಗಂಟೆ ಮುಂಚೆ ಆರ್ಡರ್ ಮಾಡಿ’. ನನ್ನ ಲಿಸ್ಟಿನಲ್ಲೂ ತುಂಬ ದಿನ ಇದೇ ಸಾಲು ಇತ್ತು. ಇವತ್ತು ಆ ಸಾಲನ್ನು ತೆಗೆದುಹಾಕಿ ಅಂತ ಕೇಳೋಕೆ ಬಂದಿದ್ದೇನೆ. ಅದರಿಂದ ಕೊಳ್ಳುವವರಿಗೂ ತೊಂದರೆ, ಮಾಡುವವರಿಗೂ ತೊಂದರೆ.

ಏನಾಯ್ತು ಅಂತ ಮೊದಲು ಹೇಳುತ್ತೇನೆ. ಒಂದು ಶನಿವಾರ ಸಂಜೆ ಆರಕ್ಕೆ ಮೆಸೇಜ್ ಬಂತು. ‘ನಾಳೆ ಸಂಜೆ ಆರಕ್ಕೆ ಒಂದು ಕೆ.ಜಿ. ಚಾಕೊಲೇಟ್ ಕೇಕ್ ಬೇಕು.’ ಲೆಕ್ಕ ಹಾಕಿದರೆ ಸರಿಯಾಗಿ 24 ಗಂಟೆ. ನನ್ನ ಲಿಸ್ಟನ್ನು ಓದಿಯೇ ಆರ್ಡರ್ ಕೊಟ್ಟಿದ್ದಾರೆ, ಅವರದ್ದೇನೂ ತಪ್ಪಿಲ್ಲ. ಬಣ್ಣ ಯಾವುದು, ಮೇಲೆ ಹೆಸರು ಏನು, ಸಿಹಿ ಕಡಿಮೆ ಮಾಡಬಹುದಾ ಅಂತ ಮಾತಾಡಿ ಮುಗಿಯುವಾಗ ರಾತ್ರಿ ಒಂಬತ್ತೂವರೆ. ನನ್ನ ಓವನ್‌ನಲ್ಲಿ ಆಗಲೇ ಬೇರೆಯವರ ಸ್ಪಾಂಜ್ ಬೇಯುತ್ತಿತ್ತು. ಹಾಗಾಗಿ ಇವರದ್ದನ್ನು ಭಾನುವಾರ ಬೆಳಗ್ಗೆ ಬೇಯಿಸಿದೆ. ಫ್ರೀಜರ್‌ನಲ್ಲಿದ್ದ ವಿಪ್ಪಿಂಗ್ ಕ್ರೀಮಿನ ಪ್ಯಾಕೆಟ್ಟನ್ನು ನೀರಿನಲ್ಲಿಟ್ಟು ಬೇಗ ಕರಗಿಸಿದೆ. ಕ್ರೀಮ್ ಎಷ್ಟು ಬೀಟ್ ಮಾಡಿದರೂ ಗಟ್ಟಿಯಾಗಿ ನಿಲ್ಲಲಿಲ್ಲ. ಸ್ಪಾಂಜಿನ ಮೇಲ್ಭಾಗ ತಣ್ಣಗಿತ್ತು ಅಂತ ಕತ್ತರಿಸಿ ಪದರ ಜೋಡಿಸಿಬಿಟ್ಟೆ. ಮಧ್ಯಾಹ್ನ ಮೂರಕ್ಕೆ ಫ್ರಿಡ್ಜ್ ತೆಗೆದು ನೋಡಿದರೆ ಕೇಕಿನ ನಡು ಹೊಟ್ಟೆ ಬಂದ ಹಾಗೆ ಉಬ್ಬಿದೆ. ಒಳಗಿನ ಕ್ರೀಮ್ ಮೆತ್ತಗಾಗಿ ಮೇಲಿನ ಭಾರಕ್ಕೆ ಹೊರಗೆ ತಳ್ಳಿಕೊಂಡು ಬರುತ್ತಿತ್ತು. ಅವರು ಬೇಸರ ಮಾಡಿಕೊಂಡರು. ಮಾಡಿಕೊಳ್ಳಬೇಕಾದದ್ದೇ.

ಆ ರಾತ್ರಿ ಕೂತು ಗಡಿಯಾರವನ್ನು ಹಿಂದಕ್ಕೆ ಓಡಿಸಿ ನೋಡಿದೆ. ಅದನ್ನೇ ನಿಮ್ಮ ಮುಂದೆಯೂ ಮಾಡುತ್ತೇನೆ.

ಭಾನುವಾರ ಸಂಜೆ ಆರಕ್ಕೆ ಕೇಕ್ ಅವರ ಕೈಯಲ್ಲಿರಬೇಕು. ಐದೂಕಾಲಿಗೆ ಮನೆ ಬಿಡಬೇಕು. ಮೇಲಿನ ಅಲಂಕಾರ ಮುಗಿದ ಮೇಲೆ ಕೇಕ್ ಕನಿಷ್ಠ ಮೂರು ಗಂಟೆ ಫ್ರಿಡ್ಜಿನಲ್ಲಿ ಕೂರಬೇಕು, ಇಲ್ಲದಿದ್ದರೆ ದಾರಿಯಲ್ಲಿ ಅಲುಗಾಡುತ್ತದೆ. ಅಂದರೆ ಎರಡು ಗಂಟೆಗೆ ಕೆಲಸ ಮುಗಿದಿರಬೇಕು. ಪದರ ಜೋಡಿಸಿ, ತೆಳ್ಳಗೆ ಒಂದು ಸುತ್ತು ಕ್ರೀಮ್ ಸವರಿ, ಅರ್ಧ ಗಂಟೆ ತಣ್ಣಗಿಟ್ಟು, ಮತ್ತೆ ದಪ್ಪಗೆ ಸವರಿ, ಮೇಲೆ ಗನಾಶ್ ಇಳಿಬಿಡೋಕೆ ಹತ್ತಿರ ಹತ್ತಿರ ಮೂರು ಗಂಟೆ. ಹಾಗಾದರೆ ಬೆಳಗ್ಗೆ ಹನ್ನೊಂದಕ್ಕೆ ಸ್ಪಾಂಜೂ ಕ್ರೀಮೂ ಎರಡೂ ಸಿದ್ಧ ಇರಬೇಕು.

ಇಲ್ಲೇ ಮುಖ್ಯವಾದ ವಿಷಯ ಇರೋದು. ಮೊಟ್ಟೆ ಹಾಕಿದ ಸ್ಪಾಂಜಿನಲ್ಲಿ ಮೊಟ್ಟೆ ಬೆಂದು ಗಟ್ಟಿಯಾಗಿ ಎಲ್ಲವನ್ನೂ ಹಿಡಿದಿಡುತ್ತದೆ. ನಾವು ಮೊಸರು ಮತ್ತು ಸೋಡಾ, ಇಲ್ಲವೇ ಕಂಡೆನ್ಸ್‌ಡ್ ಮಿಲ್ಕ್ ಹಾಕಿ ಮಾಡುವ ಸ್ಪಾಂಜಿಗೆ ಆ ಹಿಡಿತ ಕಡಿಮೆ. ಬಿಸಿ ಇರುವಾಗ ಚಾಕು ಇಟ್ಟರೆ ಪುಡಿಪುಡಿ. ಆದ್ದರಿಂದ ಬೇಯಿಸಿ, ಎರಡು ಗಂಟೆ ಆರಲು ಬಿಟ್ಟು, ಕ್ಲಿಂಗ್ ಫಿಲ್ಮ್ ಸುತ್ತಿ ರಾತ್ರಿ ಪೂರ್ತಿ ಫ್ರಿಡ್ಜಿನಲ್ಲಿಡಬೇಕು. ಬೆಳಗ್ಗೆ ಕತ್ತರಿಸಿದರೆ ಪದರಗಳು ನೀಟಾಗಿ ಬರುತ್ತವೆ. ಆರಿದೆಯೋ ಇಲ್ಲವೋ ಅಂತ ಮೇಲೆ ಮುಟ್ಟಿ ನೋಡಬೇಡಿ. ಸ್ಪಾಂಜನ್ನು ಮೆಲ್ಲಗೆ ಎತ್ತಿ, ಅಂಗೈಯನ್ನು ತಳದ ನಡುಭಾಗಕ್ಕೆ ಒತ್ತಿ ಒಂದೈದು ಸೆಕೆಂಡ್ ಇಡಿ. ಕೊನೆಗೆ ಆರುವ ಜಾಗ ಅದು. ಅಲ್ಲಿ ಸ್ವಲ್ಪ ಬೆಚ್ಚಗಿದ್ದರೂ ಕ್ರೀಮ್ ಹಾಕಬಾರದು.

ಹೆಪ್ಪುಗಟ್ಟಿ ಬರುವ ವಿಪ್ಪಿಂಗ್ ಕ್ರೀಮಿಗೂ ಅಷ್ಟೇ. ಅದು ಫ್ರಿಡ್ಜಿನೊಳಗೇ ನಿಧಾನವಾಗಿ ಕರಗಬೇಕು, ಅದಕ್ಕೊಂದು ರಾತ್ರಿ ಬೇಕೇ ಬೇಕು. ಬೀಟ್ ಮಾಡುವಾಗ ತುಂಬಾ ತಣ್ಣಗಿದ್ದರೆ ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ. ಬೆಚ್ಚಗಾಗಿದ್ದರೆ ಸಡಿಲವಾಗೇ ಉಳಿಯುತ್ತದೆ.

ಹಾಗಾದರೆ ಶನಿವಾರ ರಾತ್ರಿ ಹತ್ತಕ್ಕೆ ಸ್ಪಾಂಜ್ ಫ್ರಿಡ್ಜಿಗೆ ಹೋಗಿರಬೇಕು. ಏಳಕ್ಕೆ ಓವನ್ ಒಳಗೆ ಹೋಗಿರಬೇಕು. ಇನ್ನೊಂದು ವಿಷಯ. ಸೋಡಾ ಮತ್ತು ಮೊಸರು ಸೇರಿದ ಕ್ಷಣದಿಂದಲೇ ಹಿಟ್ಟಿನಲ್ಲಿ ಗುಳ್ಳೆ ಏಳಲು ಶುರು. ಓವನ್ ಖಾಲಿಯಾಗಲಿ ಅಂತ ಆ ಹಿಟ್ಟನ್ನು ಅರ್ಧ ಗಂಟೆ ಹಾಗೇ ಇಟ್ಟರೆ ಗಾಳಿ ಹೋಗಿ ಸ್ಪಾಂಜ್ ಗಟ್ಟಿ ಆಗುತ್ತದೆ. ಹಾಗಾಗಿ ಒಂದೇ ಸಲ ಹಿಟ್ಟು ಕಲಸಿಟ್ಟು ಸರದಿ ಪ್ರಕಾರ ಬೇಯಿಸೋಕೆ ಆಗೋದಿಲ್ಲ. ಒಂದು ಟಿನ್ ಹಿಡಿಯುವ ಓವನ್ ಇದ್ದರೆ ಒಂದು ಸಂಜೆಗೆ ಮೂರು ಸ್ಪಾಂಜ್, ಅಷ್ಟೇ. ಯಾರಿಗೆ ಎಷ್ಟು ಮಾಡಬೇಕು ಅನ್ನೋದು ಶನಿವಾರ ಬೆಳಗ್ಗೆಯೇ ಗೊತ್ತಿರಬೇಕು. ಸಾಮಾನು ತರಬೇಕು, ಸರದಿ ಇಟ್ಟುಕೊಳ್ಳಬೇಕು.

ಆದ್ದರಿಂದ ಈಗ ನನ್ನ ಲಿಸ್ಟಿನಲ್ಲಿ ಗಂಟೆ ಲೆಕ್ಕ ಇಲ್ಲ, ದಿನ ಮತ್ತು ಹೊತ್ತು ಇದೆ. ‘ಭಾನುವಾರದ ಕೇಕಿಗೆ ಶುಕ್ರವಾರ ರಾತ್ರಿ ಎಂಟರೊಳಗೆ.’ ಅದರ ಪಕ್ಕದಲ್ಲೇ ಇನ್ನೊಂದು ಸಾಲು: ‘ತೂಕ, ಫ್ಲೇವರ್, ಹೆಸರು ಮೂರೂ ಹೇಳಿ ಅಡ್ವಾನ್ಸ್ ಕೊಟ್ಟಾಗ ಆರ್ಡರ್ ಆಯಿತು ಅಂತ ಲೆಕ್ಕ.’ ಎರಡನೆಯದು ಮೊದಲನೆಯದಕ್ಕಿಂತ ಮುಖ್ಯ ಅಂತ ನನಗನ್ನಿಸುತ್ತದೆ. ಕೇಳುವವರು ಮೊದಲ ಮೆಸೇಜ್ ಕಳಿಸಿದ ಹೊತ್ತನ್ನು ಹಿಡಿಯುತ್ತಾರೆ, ಮಾಡುವವರು ದುಡ್ಡು ಬಂದ ಹೊತ್ತನ್ನು ಹಿಡಿಯುತ್ತಾರೆ. ನನ್ನ ಆ ಆರ್ಡರಿನಲ್ಲಿ ಇವೆರಡರ ನಡುವೆ ಮೂರೂವರೆ ಗಂಟೆ ಹೋಗಿತ್ತು.

ಫ್ಲೇವರ್ ವಿಷಯಕ್ಕೆ ಬರೋಣ. ಹದಿನೈದು ಫ್ಲೇವರ್ ಬೇಡ ಅನ್ನೋದು ನನ್ನ ಮಾತು. ಒಂದೊಂದಕ್ಕೂ ಬೇರೆ ಬೇರೆ ಹೊತ್ತು ಬೇಕು. ಪೈನಾಪಲ್ಲನ್ನೇ ತಗೊಳ್ಳಿ. ಹಸಿ ಅನಾನಸ್ಸನ್ನು ಹಾಗೇ ಹಾಲಿನ ಕ್ರೀಮಿನೊಳಗೆ ಹಾಕಿದರೆ, ಅದರಲ್ಲಿರುವ ಬ್ರೊಮೆಲೈನ್ ಅನ್ನೋ ಎಂಜೈಮ್ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಕ್ರೀಮ್ ಕಹಿಯಾಗುತ್ತಾ ಬರುತ್ತದೆ. ಹಣ್ಣನ್ನು ಸಕ್ಕರೆ ಜೊತೆ ಚೆನ್ನಾಗಿ ಬೇಯಿಸಿದರೆ ಆ ಎಂಜೈಮ್ ಕೆಲಸ ಮಾಡೋದಿಲ್ಲ. ಆದರೆ ಬೇಯಿಸಬೇಕು, ಆರಿಸಬೇಕು, ನೀರು ಸೋಸಬೇಕು. ಅದಕ್ಕೂ ಹೊತ್ತು ಬೇಕಲ್ವಾ? ಐದು ಫ್ಲೇವರ್ ಇಟ್ಟು, ಯಾವುದಕ್ಕೆ ಒಂದು ದಿನ ಜಾಸ್ತಿ ಬೇಕೋ ಅದರ ಮುಂದೆ ಬರೆದರೆ ಸಾಕು.

ಎಗ್‌ಲೆಸ್ ಅನ್ನುವ ಪದವನ್ನೂ ಸ್ವಲ್ಪ ಬಿಡಿಸಿ ಬರೆಯಿರಿ. ಮೊಟ್ಟೆಗೆ ಅಲರ್ಜಿ ಇರುವ ಮಗುವಿಗೆ ಅದೇ ಬೀಟರ್, ಅದೇ ಟಿನ್ ಬೇರೆ ದಿನ ಮೊಟ್ಟೆಗೆ ಬಳಸುತ್ತೀರಾ ಅನ್ನೋದು ದೊಡ್ಡ ಪ್ರಶ್ನೆ. ಕುಕ್ಕಿ ಮೇಲೆ ಹಾಕುವ ರಾಯಲ್ ಐಸಿಂಗನ್ನು ಮಾಮೂಲಿಯಾಗಿ ಮೊಟ್ಟೆಯ ಬಿಳಿಯಿಂದಲೇ ಮಾಡುವುದು. ಪುಡಿ ಕೊಂಡು ತರುತ್ತೀರಾದರೆ ಪ್ಯಾಕೆಟ್ ಹಿಂದೆ ಓದಿ.

ಇನ್ನು ತೂಕ. ‘ಒಂದು ಕೆ.ಜಿ.’ ಅಂದರೆ ಯಾವುದರ ಒಂದು ಕೆ.ಜಿ. ಅಂತ ಲಿಸ್ಟ್ ಹೇಳಬೇಕು. ನಾನು 600 ಗ್ರಾಂ ಹಿಟ್ಟು ಟಿನ್ನಿಗೆ ಸುರಿಯುತ್ತೇನೆ. ಬೇಯುವಾಗ ನೀರು ಹೋಗಿ ಸುಮಾರು 540 ಆಗುತ್ತದೆ. ಮೇಲಿನ ಉಬ್ಬನ್ನು ಸಮ ಮಾಡಿ ತೆಗೆದರೆ 60 ಗ್ರಾಂ ಹೋಯಿತು, ಉಳಿದದ್ದು 480. ಅದಕ್ಕೆ 100 ಗ್ರಾಂ ಸಕ್ಕರೆ ನೀರು, 320 ಗ್ರಾಂ ಕ್ರೀಮ್, 100 ಗ್ರಾಂ ಗನಾಶ್. ಇಷ್ಟು ಸೇರಿ ಒಂದು ಕೆ.ಜಿ. ಅರ್ಧಕ್ಕಿಂತ ಸ್ವಲ್ಪ ಕಡಿಮೆ ಮಾತ್ರ ಸ್ಪಾಂಜ್. ಇದು ಮೋಸ ಅಲ್ಲ, ಕ್ರೀಮ್ ಕೇಕ್ ಅಂದರೆ ಹೀಗೇ. ಆದರೆ ಕೇಕಿನ ಕೆಳಗಿನ ಬೋರ್ಡನ್ನೂ ಸೇರಿಸಿ ತೂಗಿದರೆ ಅದು ಮೋಸವೇ. ದಪ್ಪ ಬೋರ್ಡ್ ಒಂದೇ 150 ಗ್ರಾಂ ತೂಗಬಹುದು. ನಾನು ಖಾಲಿ ಬೋರ್ಡನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಅದರ ಮೇಲೇ ಕೇಕ್ ಕಟ್ಟುತ್ತೇನೆ. ಮುಗಿದ ಮೇಲೆ ಮತ್ತೆ ತೂಗಿ, ಅಂಕಿ ಕಾಣುವ ಹಾಗೆ ಒಂದು ಫೋಟೋ ಕಳಿಸುತ್ತೇನೆ. ಫಾಂಡೆಂಟ್ ಗೊಂಬೆಗಳ ತೂಕ ಬೇರೆ. ಅದನ್ನು ತಿನ್ನುವವರು ಕಡಿಮೆ, ಅದನ್ನು ಕೇಕಿನ ತೂಕಕ್ಕೆ ಸೇರಿಸಬಾರದು.

ಕುಕ್ಕಿಗೆ ಇಷ್ಟೆಲ್ಲ ಗೋಜಿಲ್ಲ. 250 ಗ್ರಾಂ ಡಬ್ಬದಲ್ಲಿ ಎಷ್ಟು ಬರುತ್ತವೆ ಅಂತ ಹೇಳಿದರೆ ಆಯಿತು.

ಕೊನೆಗೆ ಎಷ್ಟು ದೂರ ತಲುಪಿಸುತ್ತೀರಿ ಅನ್ನೋದು. ‘ಐದು ಕಿ.ಮೀ. ಒಳಗೆ’ ಅಂತ ಎಲ್ಲರೂ ಬರೆಯುತ್ತಾರೆ. ಮ್ಯಾಪ್ ಮೇಲೆ ವೃತ್ತ ಎಳೆದರೆ ಬರುವ ಐದು ಕಿ.ಮೀ., ರಸ್ತೆಯಲ್ಲಿ ಸುತ್ತಿ ಹೋದರೆ ಎಂಟು ಆಗಬಹುದು. ಕೇಕಿಗೆ ಅದರಿಂದ ಏನೂ ಗೊತ್ತಾಗೋದಿಲ್ಲ, ಅದಕ್ಕೆ ಗೊತ್ತಾಗೋದು ಫ್ರಿಡ್ಜ್ ಬಿಟ್ಟು ಎಷ್ಟು ಹೊತ್ತಾಯಿತು ಅನ್ನೋದು. ಆದ್ದರಿಂದ ನಾನು ರಸ್ತೆಯ ದೂರ ಬರೆದು, ಜೊತೆಗೆ ನಿಮಿಷವನ್ನೂ ಬರೆಯುತ್ತೇನೆ. ಕ್ರೀಮ್ ಕೇಕ್ 40 ನಿಮಿಷದ ದಾರಿಗೆ ಮಾತ್ರ. ಕ್ರೀಮ್ ಚೀಸ್ ಹಾಕಿದ್ದು ಇನ್ನೂ ಮೆತ್ತಗೆ, ಅದಕ್ಕೆ 20. ಕ್ರೀಮ್ ಇಲ್ಲದ ಟೀ ಕೇಕ್, ಕುಕ್ಕಿ ಎಷ್ಟು ದೂರ ಬೇಕಾದರೂ ಹೋಗಲಿ. ಎರಡು ಅಂತಸ್ತಿನ ಕೇಕನ್ನು ಬೈಕ್ ಮೇಲೆ ಕಳಿಸೋದೇ ಇಲ್ಲ, ಅವರೇ ಕಾರಿನಲ್ಲಿ ಬಂದು ತಗೊಂಡು ಹೋಗಬೇಕು. ಸೀಟಿನ ಮೇಲೆ ಇಡಬೇಡಿ, ಅದು ಹಿಂದಕ್ಕೆ ವಾಲಿರುತ್ತದೆ, ಕಾಲಿಡುವ ಜಾಗದಲ್ಲಿ ಸಮವಾಗಿ ಇಡಿ ಅಂತಲೂ ಹೇಳುತ್ತೇನೆ.

ಈಗ ನನ್ನ ಲಿಸ್ಟ್ ಹೇಗಿದೆ ಅಂತ ಓದುತ್ತೇನೆ, ಕೇಳಿ.

‘ಎಗ್‌ಲೆಸ್ ಚಾಕೊಲೇಟ್ ಕ್ರೀಮ್ ಕೇಕ್. ಒಂದು ಕೆ.ಜಿ., ಬೋರ್ಡ್ ಬಿಟ್ಟು. ಹತ್ತರಿಂದ ಹನ್ನೆರಡು ಜನರಿಗೆ. ಹಾಲು, ಗೋಧಿ ಇದೆ. ಈ ಅಡುಗೆಮನೆಯಲ್ಲಿ ಮೊಟ್ಟೆ ಬಳಸುವುದಿಲ್ಲ. ಭಾನುವಾರಕ್ಕೆ ಬೇಕಾದರೆ ಶುಕ್ರವಾರ ರಾತ್ರಿ ಎಂಟರೊಳಗೆ ಅಡ್ವಾನ್ಸ್ ಸಮೇತ. ದಿನಕ್ಕೆ ಮೂರೇ ಕೇಕ್. ರಸ್ತೆಯಲ್ಲಿ ಆರು ಕಿ.ಮೀ. ಅಥವಾ 40 ನಿಮಿಷ, ಯಾವುದು ಮೊದಲು ಮುಗಿಯುತ್ತದೋ ಅಷ್ಟು. ತಲುಪಿದ ಕೂಡಲೇ ಫ್ರಿಡ್ಜಿನಲ್ಲಿಡಿ, ಕತ್ತರಿಸುವ ಇಪ್ಪತ್ತು ನಿಮಿಷ ಮುಂಚೆ ಹೊರಗಿಡಿ.’

ಆ ಶನಿವಾರ ಮೆಸೇಜ್ ಮಾಡಿದ್ದವರು ಮತ್ತೆ ಆರ್ಡರ್ ಕೊಟ್ಟರು. ಗುರುವಾರವೇ ಕೇಳಿದರು. ಕೇಕ್ ತಲುಪಿದ ಮೇಲೆ ಕತ್ತರಿಸಿದ ಒಂದು ತುಂಡಿನ ಫೋಟೋ ಕಳಿಸಿದ್ದರು. ನಾಲ್ಕು ಪದರವೂ ಗೆರೆ ಎಳೆದ ಹಾಗೆ ನೇರವಾಗಿದ್ದವು.