ಕಂತು ನಿಲ್ಲಿಸಿದರೆ ಆರ್‌ಡಿ ಮುಚ್ಚಿದಂತಲ್ಲ ಸ್ವಾಮಿ!

ನಮಸ್ಕಾರ. ಹೋದ ಸಂಚಿಕೆಯ ಕೆಳಗೆ ಒಬ್ಬ ಮಹಾನುಭಾವರು ಬರೆದಿದ್ದಾರೆ: "ಆರ್‌ಡಿ ಮುರಿಸಿದರೆ ದಂಡ ಬೀಳುತ್ತದೆ. ಉಳಿತಾಯ ಖಾತೆಯಲ್ಲಿ ದುಡ್ಡು ಇಡಬೇಡಿ, ಕಂತು ತಾನೇ ನಿಂತುಹೋಗುತ್ತದೆ." ಇದಕ್ಕೆ ನಲವತ್ತು ಜನ ಹೆಬ್ಬೆರಳು ಎತ್ತಿದ್ದಾರೆ. ನನ್ನ ಯಾವ ಮಾತಿಗೂ ಅಷ್ಟು ಹೆಬ್ಬೆರಳು ಎದ್ದಿಲ್ಲ, ಅದು ಬೇರೆ ಸಂಕಟ.

ಮೊದಲು ಆ ದಂಡ ಎಷ್ಟು ಎಂದು ನೋಡಿ. ತಿಂಗಳಿಗೆ 5,000 ರೂಪಾಯಿಯಂತೆ ಎರಡು ವರ್ಷದ ಆರ್‌ಡಿ, ಬಡ್ಡಿ ಶೇ 6.5 ಎಂದಿಟ್ಟುಕೊಳ್ಳಿ. ಹತ್ತು ಕಂತು ಕಟ್ಟಿದ ಮೇಲೆ ದುಡ್ಡು ಬೇಕಾಯಿತು. ಆಗ ಬ್ಯಾಂಕು ಎರಡು ಕಡೆ ಕತ್ತರಿ ಹಾಕುತ್ತದೆ. ನೀವು ಖಾತೆ ತೆರೆದ ದಿನ ಹತ್ತು ತಿಂಗಳ ಠೇವಣಿಗೆ ಎಷ್ಟು ದರವಿತ್ತೋ ಅಷ್ಟೇ ಲೆಕ್ಕಕ್ಕೆ ಬರುತ್ತದೆ, ಅದು ಶೇ 6 ಎನ್ನೋಣ. ಅದರಲ್ಲಿ ದಂಡವೆಂದು ಇನ್ನೊಂದು ಶೇಕಡಾ ಹೋಗುತ್ತದೆ. ಕೆಲವು ಬ್ಯಾಂಕುಗಳಲ್ಲಿ ಅದು ಅರ್ಧ ಶೇಕಡಾ ಅಷ್ಟೇ. ಕೊನೆಗೆ ಉಳಿಯುವುದು ಶೇ 5. ಸುಮಾರು 1,500 ರೂಪಾಯಿ ಬರಬೇಕಿದ್ದ ಬಡ್ಡಿ 1,150ರ ಆಸುಪಾಸಿಗೆ ಇಳಿಯುತ್ತದೆ. ಅಸಲು 50,000 ಅಲುಗಾಡುವುದಿಲ್ಲ. ನಷ್ಟ 350 ರೂಪಾಯಿ! ಇದಕ್ಕೆ ಹೆದರಿ ಕ್ರೆಡಿಟ್ ಕಾರ್ಡಿನ 40,000 ಬಾಕಿಯನ್ನು ತಿಂಗಳಿಗೆ ಶೇ 3ರಂತೆ ಎಳೆಯುವವರಿದ್ದಾರೆ. ಒಂದೇ ತಿಂಗಳಿಗೆ 1,200 ರೂಪಾಯಿ ಬಡ್ಡಿ. ಇವರಿಗೆ ಕೈಮುಗಿದೆ.

ಈಗ ಮಹಾನುಭಾವರ ಉಪಾಯಕ್ಕೆ ಬರೋಣ. ಖಾತೆ ಬರಿದು ಮಾಡಿದರೆ ಕಂತು ನಿಲ್ಲುವುದಿಲ್ಲ, ಕಂತು ತಪ್ಪುತ್ತದೆ. ನಿಲ್ಲುವುದು ಬೇರೆ, ತಪ್ಪುವುದು ಬೇರೆ! ತಪ್ಪಿದ ಕಂತಿಗೆ ನೂರು ರೂಪಾಯಿಗೆ ತಿಂಗಳಿಗೆ ಒಂದೂವರೆ ರೂಪಾಯಿ ವಿಳಂಬ ಶುಲ್ಕ ಹಾಕುವ ಬ್ಯಾಂಕುಗಳಿವೆ. 5,000ಕ್ಕೆ 75 ರೂಪಾಯಿ. ಮೂರು ಕಂತು ಬಾಕಿ ಇಟ್ಟು ಒಟ್ಟಿಗೆ ಕಟ್ಟಲು ಹೋದರೆ ಮೊದಲನೆಯದಕ್ಕೆ ಮೂರು ತಿಂಗಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು, ಒಟ್ಟು 450 ರೂಪಾಯಿ. 350 ಉಳಿಸಲು ಹೋಗಿ 450 ಕಳೆದುಕೊಂಡಿರಿ. ಕಂತು ಬೇರೆ ಬ್ಯಾಂಕಿನ ಖಾತೆಯಿಂದ ಮ್ಯಾಂಡೇಟ್ ಮೂಲಕ, ಅಂದರೆ ಪ್ರತಿ ತಿಂಗಳು ತಾನಾಗಿ ದುಡ್ಡು ಕಡಿತವಾಗಲು ನೀವು ಕೊಟ್ಟ ಒಪ್ಪಿಗೆಯ ಮೂಲಕ, ಹೋಗುತ್ತಿದ್ದರೆ, ಅದು ವಾಪಸಾದಾಗಲೆಲ್ಲ ಆ ಬ್ಯಾಂಕಿನ ಶುಲ್ಕ, ಅದರ ಮೇಲೆ ಜಿಎಸ್‌ಟಿ. ಚಂದಾದಾರರಾಗದೆ ನೋಡುತ್ತಿರುವವರೇ, ಆ ಗುಂಡಿ ಒತ್ತಲು ಯಾವ ಶುಲ್ಕವೂ ಇಲ್ಲ, ಒತ್ತಿ.

ಹಾಗಾದರೆ ಕ್ರಮ ಏನು? ಬೇಡವೆಂದರೆ ಆರ್‌ಡಿಯನ್ನೇ ಮುಚ್ಚಿ. ಉಳಿತಾಯ ಖಾತೆ, ಆರ್‌ಡಿ ಎರಡೂ ಒಂದೇ ಬ್ಯಾಂಕಿನಲ್ಲಿದ್ದು, ಆರ್‌ಡಿ ತೆರೆಯುವಾಗಲೇ ಕಂತಿನ ಸೂಚನೆ ಕೊಟ್ಟಿದ್ದರೆ, ಸಾಮಾನ್ಯವಾಗಿ ಆರ್‌ಡಿಯ ಜೊತೆಗೇ ಅದೂ ಮುಗಿಯುತ್ತದೆ. ಆದರೆ ನೀವೇ ಬೇರೆಯಾಗಿ ಮಾಡಿಟ್ಟ ಮಾಸಿಕ ವರ್ಗಾವಣೆ ಮತ್ತು ಬೇರೆ ಬ್ಯಾಂಕಿನ ಮ್ಯಾಂಡೇಟ್‌ಗೆ ನಿಮ್ಮ ಆರ್‌ಡಿ ಸತ್ತ ಸುದ್ದಿ ಗೊತ್ತಿರುವುದಿಲ್ಲ. ಅದನ್ನು ಕೈಯಾರೆ ರದ್ದು ಮಾಡಬೇಕು, ಅದೂ ಕಂತಿನ ದಿನಕ್ಕೆ ಕೆಲವು ಕೆಲಸದ ದಿನ ಮೊದಲೇ. ಐದನೇ ತಾರೀಖಿನ ಕಂತಿಗೆ ನಾಲ್ಕರ ರಾತ್ರಿ ಎದ್ದು ಕುಳಿತರೆ ಆಗುವುದಿಲ್ಲ. ಮುಂದಿನ ತಿಂಗಳು ಪಾಸ್‌ಬುಕ್‌ನಲ್ಲಿ ಆ ಸಾಲು ಮತ್ತೆ ಮೂಡಿದೆಯೇ ನೋಡಿ. ಮೂಡಿದ್ದರೆ ಸೂಚನೆ ಇನ್ನೂ ಬದುಕಿದೆ.

"ಅಂಚೆ ಕಚೇರಿಯಲ್ಲಿ ಹಾಗಲ್ಲ" ಎಂದು ಯಾರೋ ಬರೆಯಲು ಹೊರಟಿದ್ದೀರಿ, ಗೊತ್ತು. ನಾನು ಬ್ಯಾಂಕಿನ ಮಾತಾಡುವಾಗಲೇ ನಿಮಗೆ ಅಂಚೆ ನೆನಪಾಗುವುದು! ಇರಲಿ. ಅಲ್ಲಿ ಐದು ವರ್ಷದ ಆರ್‌ಡಿಯನ್ನು ಮೂರು ವರ್ಷ ತುಂಬುವ ಮೊದಲು ಮುಚ್ಚಲು ಬರುವುದಿಲ್ಲ. ಆಮೇಲೆ ಮುಚ್ಚಿದರೂ, ಅವಧಿಗೆ ಒಂದು ದಿನ ಮೊದಲು ಮುಚ್ಚಿದರೂ, ಸಿಗುವುದು ಉಳಿತಾಯ ಖಾತೆಯ ಶೇ 4. ಅಲ್ಲಿ ಮುರಿಸುವ ಬದಲು ಸಾಲ ಕೇಳಿ. ಹನ್ನೆರಡು ಕಂತು ಕಟ್ಟಿ ಒಂದು ವರ್ಷ ಆದ ಮೇಲೆ ಕಟ್ಟಿದ್ದರ ಅರ್ಧದವರೆಗೆ, ಆರ್‌ಡಿ ಬಡ್ಡಿಗಿಂತ ಶೇ 2 ಹೆಚ್ಚಿನ ಬಡ್ಡಿಗೆ ಸಾಲ ಕೊಡುತ್ತಾರೆ. ಆದರೆ ಅಲ್ಲೂ ಕಂತು ತಪ್ಪಿಸುವುದು ನಿಲ್ಲಿಸಿದಂತಲ್ಲ, ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ದಂಡ.

ಇನ್ನೊಬ್ಬರು ಕೇಳಿದ್ದಾರೆ: "ಮ್ಯಾನೇಜರ್ ನನಗೆ ಪರಿಚಯ, ಅವರು ದಂಡ ಬಿಡುವುದಿಲ್ಲವೇ?" ಕೇಳಿ ನೋಡಿ ಸ್ವಾಮಿ, ಕಾಫಿಯಾದರೂ ಸಿಗಬಹುದು. ಆದರೆ ಹೊರಡುವ ಮೊದಲು ಆ ಮ್ಯಾಂಡೇಟ್ ರದ್ದು ಮಾಡಿ! ಕಂತು ನಿಲ್ಲಿಸುವುದು ಬೇರೆ, ತಪ್ಪಿಸುವುದು ಬೇರೆ, ಖಾತೆ ಮುಚ್ಚುವುದು ಬೇರೆ, ಇನ್ನೆಷ್ಟು ಸಲ ಹೇಳಲಿ? ಆ ನಲವತ್ತು ಹೆಬ್ಬೆರಳುಗಳೂ ದಯವಿಟ್ಟು ಈ ಕಡೆ ಬನ್ನಿ, ಮುಂದಿನ ವಾರ ಲಾಕರ್ ಬಾಡಿಗೆಯ ಬಗ್ಗೆ ಕೂಗಾಡುವುದಿದೆ.