ಎರಡು ತಿಂಗಳ ರೀಡಿಂಗ್, ಒಂದೇ ತಿಂಗಳ ಸ್ಲ್ಯಾಬ್

ಈಗ ನಿಮಗೆ ಕಾಣುತ್ತಿರುವುದು ನಮ್ಮ ಮನೆಯ ವಿದ್ಯುತ್ ಬಿಲ್ಲು. ಮೊತ್ತವನ್ನು ಆಮೇಲೆ ನೋಡೋಣ, ಮೊದಲು ರೀಡಿಂಗ್ ತೆಗೆದ ಎರಡು ದಿನಾಂಕಗಳನ್ನು ಗಮನಿಸಿ. ಕಳೆದ ತಿಂಗಳು ಮೀಟರ್ ಓದಲು ಯಾರೂ ಬಾರದ ಕಾರಣ, ಅವುಗಳ ನಡುವೆ ಎರಡು ತಿಂಗಳ ಅಂತರವಿದೆ. ಹಿಂದಿನ ರೀಡಿಂಗ್ 4310, ಈಗಿನದು 4490. ಬಳಕೆ 180 ಯೂನಿಟ್. ಇಷ್ಟರವರೆಗೆ ಸರಿಯಾಗಿಯೇ ಇದೆ.

ತಪ್ಪು ಇರುವುದು ಈ ಸಾಲುಗಳಲ್ಲಿ. ದರಗಳು ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಲೆಕ್ಕಕ್ಕೆ ಸುಲಭವಾದ ಅಂಕಿಗಳನ್ನೇ ಹಿಡಿಯುತ್ತೇನೆ: ತಿಂಗಳ ಮೊದಲ 50 ಯೂನಿಟ್‌ಗೆ ತಲಾ 4 ರೂಪಾಯಿ, ನಂತರದ 50ಕ್ಕೆ 6, ನೂರು ದಾಟಿದ್ದಕ್ಕೆ 8. ಈ ಒಂದೊಂದು ಹಂತವೇ ಒಂದು ಸ್ಲ್ಯಾಬ್. ಈ ಪದ್ಧತಿಯಲ್ಲಿ ನೂರೊಂದನೆಯ ಯೂನಿಟ್ ಬಳಸಿದರೆ ಆ ಒಂದಕ್ಕೆ ಮಾತ್ರ 8 ರೂಪಾಯಿಯೇ ಹೊರತು ಹಿಂದಿನ ನೂರರ ದರ ಏರುವುದಿಲ್ಲ. ಬಿಲ್ಲಿನಲ್ಲಿ ಯೂನಿಟ್‌ಗಳನ್ನು ಹೀಗೆ ಸಾಲುಸಾಲಾಗಿ ಒಡೆದು ತೋರಿಸಿದ್ದರೆ ನಿಮ್ಮಲ್ಲೂ ಇದೇ ಪದ್ಧತಿ ಎಂದು ತಿಳಿಯಬಹುದು.

ಈ ಅಂಕಿಗಳಲ್ಲಿ ಹೇಳುವುದಾದರೆ, ನಮಗೆ ಬಂದ ಬಿಲ್ಲು 180 ಯೂನಿಟ್‌ಗಳನ್ನು ಒಂದೇ ತಿಂಗಳ ಬಳಕೆಯೆಂಬಂತೆ ಒಡೆದಿದೆ: 200, 300, ಉಳಿದ 80 ಯೂನಿಟ್‌ಗೆ 640, ಒಟ್ಟು 1140 ರೂಪಾಯಿ. ಆದರೆ ಅವಧಿ ಎರಡು ತಿಂಗಳಾದಾಗ ಸ್ಲ್ಯಾಬ್‌ನ ಮಿತಿಯೂ ಇಮ್ಮಡಿಯಾಗಬೇಕು. ಆಗ ಮೊದಲ 100 ಯೂನಿಟ್‌ಗೆ 400, ಮಿಕ್ಕ 80ಕ್ಕೆ 480, ಒಟ್ಟು 880 ಆಗುತ್ತದೆ. ಬಳಸಿದ ವಿದ್ಯುತ್ತು ಒಂದೇ ಆಗಿದ್ದರೂ 260 ರೂಪಾಯಿ ಹೆಚ್ಚು ಬಿದ್ದಿದೆ, ಅದರ ಮೇಲೆ ತೆರಿಗೆ ಬೇರೆ. ಓದುವವರು ತಡವಾಗಿ ಬಂದದ್ದಕ್ಕೆ ಮನೆಯವರು ದಂಡ ತೆರುವುದು ಶುದ್ಧ ಅನ್ಯಾಯ.

ಮತ್ತೆ ಯೋಚಿಸಿದರೆ, ಇಮ್ಮಡಿಗೊಳಿಸುವುದೂ ಪೂರ್ತಿ ನಿಖರವಲ್ಲವೆಂದು ಒಪ್ಪಬೇಕಾಗುತ್ತದೆ. ಮೊದಲ ತಿಂಗಳು 60, ಎರಡನೆಯ ತಿಂಗಳು 120 ಯೂನಿಟ್ ಖರ್ಚಾಗಿದ್ದರೆ, ಸಕಾಲದಲ್ಲಿ ಓದಿದಾಗ 260 ಮತ್ತು 660 ಸೇರಿ 920 ರೂಪಾಯಿ ಆಗುತ್ತಿತ್ತು. ಇಮ್ಮಡಿಗೊಳಿಸಿದರೆ ನಮಗೇ 40 ರೂಪಾಯಿ ಉಳಿಯುತ್ತದೆ. ಮಧ್ಯದ ರೀಡಿಂಗ್ ಇಲ್ಲದಿದ್ದಾಗ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ.

ನಿಗದಿತ ಶುಲ್ಕದ ಸಾಲಿಗೆ ಬರೋಣ, ಈ ದೃಶ್ಯ ಇನ್ನೇನು ಮುಗಿಯುತ್ತದೆ. ಅದು ಯೂನಿಟ್ ನೋಡುವುದಿಲ್ಲ, ಮಂಜೂರಾದ ಲೋಡ್, ಅಂದರೆ ಮನೆಗೆ ಒಮ್ಮೆಗೆ ಎಳೆಯಲು ಒಪ್ಪಿಗೆಯಿರುವ ವಿದ್ಯುತ್ತಿನ ಮಿತಿ, ನೋಡುತ್ತದೆ. ಕಿಲೋವ್ಯಾಟ್‌ಗೆ ತಿಂಗಳಿಗೆ 100 ರೂಪಾಯಿಯಂತೆ 2 ಕಿಲೋವ್ಯಾಟ್‌ಗೆ ಎರಡು ತಿಂಗಳಿಗೆ 400 ಹಾಕಿದ್ದಾರೆ, ಅದು ನ್ಯಾಯವೇ. ಆದರೆ ಶುಲ್ಕಕ್ಕೆ ಎರಡು ತಿಂಗಳೆಂದು ಎಣಿಸಿದ ಬಿಲ್ಲೇ ಸ್ಲ್ಯಾಬ್‌ಗೆ ಒಂದು ತಿಂಗಳೆಂದು ಎಣಿಸಿರುವುದನ್ನು ವಿದ್ಯುತ್ ಕಚೇರಿಗೆ ಬರೆದ ಅರ್ಜಿಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ. ಇದೇ ಅಂಕಿಗಳಲ್ಲಿ ಹೇಳುವುದಾದರೆ, ತೆರಿಗೆ ಬಿಟ್ಟು 1540ರ ಬದಲು 1280 ರೂಪಾಯಿಗೆ ಬಿಲ್ಲನ್ನು ತಿದ್ದಿಕೊಡುವಂತೆ ಕೇಳಿದ್ದೇನೆ.